ಸಮರಭೈರವ ಇದ್ದನೋ ಇಲ್ಲವೋ

ನನ್ನ ತವರಿನ ದಾರಿಗೆ ಅಡ್ಡ ನಿಂತವನು ಒಬ್ಬ ರಾಜ. ಸತ್ತು ಸಾವಿರ ವರ್ಷ ಆಗಿದೆ ಅಂತ ನನ್ನ ಗಂಡ ಹೇಳ್ತಿದ್ದರು. ಅವನು ಹುಟ್ಟಿಯೇ ಇರಲಿಲ್ಲ ಅಂತ ನನ್ನ ಅಣ್ಣ ಹೇಳ್ತಿದ್ದ. ಜಗಳ ಇಷ್ಟೇ. ಆದರೆ ಈ ಇಷ್ಟಕ್ಕೇ ನನ್ನ ಅಣ್ಣ ನನ್ನ ಮನೆ ಹೊಸ್ತಿಲು ತುಳಿಯದೆ ನನ್ನ ತಲೆ ಪೂರ್ತಿ ಬೆಳ್ಳಗಾಯಿತು.

ನಮ್ಮವರ ಕೆಲಸ ಶಾಸನ ಓದುವುದು. ಸರ್ಕಾರಿ ಕಚೇರಿಯ ಮೇಲಿನ ಮಹಡಿಯಲ್ಲಿ, ಕಬ್ಬಿಣದ ಬೀರುಗಳ ನಡುವೆ, ಒಂದು ಮೇಜು, ಒಂದು ಭೂತಗನ್ನಡಿ, ಒಂದು ಟಾರ್ಚು. ಕಲ್ಲಿಗೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಲ್ಲಿ ಬಡಿದು, ಮೇಲೆ ಮಸಿ ಒತ್ತಿ ಅಚ್ಚು ತೆಗೀತಾರೆ. ಕಾಗದವೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬಿಳಿಯಾಗಿ ಉಳಿಯುತ್ತೆ. ಅದನ್ನ ಹರವಿಕೊಂಡು ದಿನವಿಡೀ ಕೂರೋದು. ಸವೆದ ಅಕ್ಷರದ ಮೇಲೆ ನೇರ ಬೆಳಕು ಬಿಟ್ಟರೆ ಏನೂ ಕಾಣಲ್ಲವಂತೆ, ಓರೆಯಾಗಿ ಬಿಡಬೇಕಂತೆ. ಈ ಚಟ ಮನೆಗೂ ಬಂತು. ತರಕಾರಿ ಚೀಟಿ ಕೊಟ್ಟರೂ ಟಾರ್ಚು ಓರೆ ಹಿಡಿದು ಓದುತ್ತಾರೆ, ಪುಣ್ಯಾತ್ಮರು.

ರಸ್ತೆಯಲ್ಲಿ ಹೋಗುವಾಗ ಯಾರೋ ಪುಢಾರಿಯ ಬ್ಯಾನರ್ ಕಂಡರೆ ಸಾಕು, ಕಾಲು ನಿಲ್ಲುತ್ತೆ. "ನೋಡೇ ಇವಳೇ, ಜನನಾಯಕ, ಬಡವರ ಬಂಧು, ಯುವಕರ ಕಣ್ಮಣಿ. ಎಲ್ಲಾ ಸರಿ. ಇವನ ಹೆಸರೆಲ್ಲಿ?" ಅಂತ ಹುಡುಕುತ್ತಾರೆ. ಹೆಸರು ಕೊನೆಗೆಲ್ಲೋ ಮೂಲೆಯಲ್ಲಿರುತ್ತೆ. "ಹಳೇ ರಾಜರೂ ಹಿಂಗೇ. ಹೆಸರು ಅಪ್ಪ ಅಮ್ಮ ಇಟ್ಟದ್ದು, ಬಿರುದು ತಾನೇ ಇಟ್ಟುಕೊಂಡದ್ದು. ಒಂದು ಊರು ಗೆದ್ದರೆ ಮೂರು ಬಿರುದು. ಸೋತರೂ ಎರಡು." ನಾನು ಸೊಪ್ಪಿನ ಚೀಲ ಹಿಡಿದು ಬಿಸಿಲಲ್ಲಿ ನಿಂತಿರುತ್ತೇನೆ ಅನ್ನೋದು ಅವರ ಲೆಕ್ಕಕ್ಕೇ ಇಲ್ಲ. ನನ್ನನ್ನ 'ಇವಳೇ' ಅಂತ ಕರೀತಾರೆ, ಮದುವೆಯಾದ ದಿನದಿಂದ. ಅಣ್ಣ 'ಪುಟ್ಟಿ' ಅಂತಾನೆ. ಅರವತ್ತರ ಹತ್ತಿರದ ಪುಟ್ಟಿ.

ಜಗಳದ ಮೂಲ ಒಂದು ಸೈಕಲ್ ಶಾಪು. ಶಾಪಿನ ಮುಂದಿನ ಚರಂಡಿಗೆ ಹಾಸಿದ್ದ ಚಪ್ಪಡಿಯ ಮೇಲೆ ಅಕ್ಷರ ಇದೆ ಅಂತ ನಮ್ಮವರು ಎಬ್ಬಿಸಿ ತಂದರು. ಅದರಲ್ಲಿ ರಾಜನ ಬಿರುದೆಲ್ಲ ಸಾಲಾಗಿ ಇದೆ. ಮಹಾರಾಜಾಧಿರಾಜ, ಶರಣಾಗತ ವಜ್ರಪಂಜರ, ಸಮರಭೈರವ. ಆಳಿಕೆಯ ಎಂಟನೇ ವರ್ಷ ಅಂತಲೂ ಇದೆ. ಬಿರುದು ಮುಗಿದು ಹೆಸರು ಬರಬೇಕಾದ ಜಾಗದಲ್ಲಿ ಮಾತ್ರ ಸೈಕಲ್ ಸ್ಟ್ಯಾಂಡು ಬಡಿದೂ ಬಡಿದೂ ಕಲ್ಲು ಚಕ್ಕೆ ಎದ್ದುಹೋಗಿದೆ. ಸಾವಿರ ವರ್ಷ ಉಳಿದದ್ದು ಪಂಕ್ಚರ್ ಹಾಕಿಸಿಕೊಳ್ಳುವವರ ಕಾಲಿಗೆ ಸಿಕ್ಕಿ ಹೋಯಿತು.

ಆ ವಂಶದಲ್ಲಿ ಆಗ ಗೊತ್ತಿದ್ದವರು ಇಬ್ಬರು, ಒಬ್ಬ ಅಜ್ಜ, ಒಬ್ಬ ಮೊಮ್ಮಗ. ಮೊಮ್ಮಗನಿಗೆ ಅಜ್ಜನ ಹೆಸರೇ ಇಟ್ಟಿದ್ದರು, ಕಲ್ಲಿನಲ್ಲಿ ಅಪ್ಪನ ಹೆಸರು ನೋಡಿಯೇ ಯಾರು ಅಂತ ತಿಳಿಯಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಅವರು ಅಜ್ಜರಾಜ, ಮೊಮ್ಮಗರಾಜ. ಇಬ್ಬರ ಯಾವ ಕಲ್ಲಿನಲ್ಲೂ 'ಸಮರಭೈರವ' ಅನ್ನೋ ಬಿರುದಿಲ್ಲ. ಹಾಗಾಗಿ ನಮ್ಮವರು ಬರೆದರು: ಈ ಇಬ್ಬರ ನಡುವೆ ಮೂರನೆಯವನೊಬ್ಬ ಆಳಿದ್ದಾನೆ, ಮೊಮ್ಮಗರಾಜನ ಅಣ್ಣ ಇರಬೇಕು, ಅವನೇ ಸಮರಭೈರವ. ಎಲ್ಲರೂ ಭೇಷ್ ಅಂದರು. ಕಚೇರಿಯಲ್ಲಿ ನಮ್ಮವರಿಗೇ ಸಮರಭೈರವ ಅಂತ ಹೆಸರು ಬಿತ್ತು. ಇರುವೆ ಕಂಡರೆ ಪಕ್ಕಕ್ಕೆ ಸರಿಯುವ ಮನುಷ್ಯನಿಗೆ!

ನನ್ನ ಅಣ್ಣ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ತಾನೂ ಶಾಸನ ಓದಿದವನು. ಒಂದು ಸಮ್ಮೇಳನದಲ್ಲಿ ಎದ್ದು ನಿಂತು, "ಬಿರುದಿಗೆ ಅಂಗಿ ತೊಡಿಸಿ ರಾಜ ಅಂತ ಮೆರವಣಿಗೆ ಮಾಡಿದ್ದಾರೆ ನಮ್ಮ ಭಾವ. ಇದು ಅಜ್ಜರಾಜ ಮುದುಕನಾದ ಮೇಲೆ ತಗೊಂಡ ಹೊಸ ಬಿರುದು, ಅಷ್ಟೇ" ಅಂದ. ಸಭೆ ನಕ್ಕಿತು. ನಮ್ಮವರು ನಗಲಿಲ್ಲ. ಅಲ್ಲಿಗೆ ಮಾತು ಮುರೀತು. ಆಮೇಲೆ ಯಾರದಾದರೂ ಮದುವೆಯಲ್ಲಿ ಎದುರಾದರೂ ನನ್ನ ಮೂಲಕವೇ ಮಾತು. "ನಿನ್ನ ಗಂಡನಿಗೆ ಹೇಳು, ಊಟಕ್ಕೆ ಏಳಲಿ." "ನಿನ್ನ ಅಣ್ಣನಿಗೆ ಹೇಳು, ಹಸಿವಿಲ್ಲ." ನಾನೇನು ಟೆಲಿಫೋನ್ ತಂತಿಯೇ?

ಅಣ್ಣನಿಗೆ ಎದೆಯ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಅವನ ಕಾಲ ಹತ್ತಿರ ಕೂತಿದ್ದಾಗ ನನಗೆ ನಿಜವಾಗಿ ಭಯ ಬಂತು. ಇವನು ಹೀಗೇ ಹೋಗಿಬಿಟ್ಟರೆ? ನನ್ನ ಅಡುಗೆಮನೆಯಲ್ಲಿ ಒಂದು ದಿನ ಕೂತು ಉಣ್ಣದೆ ಹೋದರೆ? ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದವನು ಇವನೊಬ್ಬನೇ. ಆ ಕಲ್ಲನ್ನು ಚರಂಡಿಯಲ್ಲೇ ಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗ್ತಿತ್ತು ಅಂತ ಅಲ್ಲೇ ಕಣ್ಣೊರೆಸಿಕೊಂಡೆ.

ನಮ್ಮವರ ನಿವೃತ್ತಿ ಹತ್ತಿರ ಬಂದಾಗ ಒಂದು ಉಪಾಯ ಮಾಡಿದೆ. ಯಾರಿಗೂ ಹೇಳದೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಚಹಾ ಇಟ್ಟು ಒಳಗೆ ಹೋದರು.

"ಅಣ್ಣಾ, ಬೀಳ್ಕೊಡುಗೆ ಸಭೆಗೆ ನಿನ್ನನ್ನೂ ಕರೀತಾರೆ. ಮಾತಾಡುವಾಗ ಸಮರಭೈರವ ಇದ್ದ ಅಂದುಬಿಡು."

"ಏನು? ಇಲ್ಲದವನನ್ನ ಇದ್ದ ಅಂತ ಹೆಂಗೆ ಹೇಳ್ಲಿ ಪುಟ್ಟಿ?"

"ನಿನಗೆ ಒಬ್ಬ ರಾಜ ಹೆಚ್ಚಾದರೆ ಏನು ನಷ್ಟ? ಅವನಿಗೇನು ನೀನು ಅನ್ನ ಹಾಕಬೇಕಾ?"

"ಇದು ಅನ್ನದ ಮಾತಲ್ಲ ಕಣೇ, ಪುರಾವೆಯ ಮಾತು."

"ಪುರಾವೆ ನಾನು. ನಿನ್ನ ತಂಗಿ. ನನಗೋಸ್ಕರ ಹೇಳು. ಇಲ್ಲಾಂದ್ರೆ ನಾನು ಸತ್ತಾಗಲೂ ನಮ್ಮ ಮನೆಗೆ ಬರಬೇಡ."

ಅಣ್ಣ ಚಹಾದ ಲೋಟ ಕೆಳಗಿಟ್ಟ. ಆಮೇಲೆ "ಹೂಂ" ಅಂದ. ನಾನು ದಾರಿಯುದ್ದಕ್ಕೂ ಒಳಗೊಳಗೇ ನಗ್ತಾ ಮನೆಗೆ ಬಂದೆ.

ಅದೇ ವಾರ ನಮ್ಮವರು ಮಂಕಾದರು. ಬಡಿಸಿದ್ದು ತಟ್ಟೆಯಲ್ಲೇ ಉಳೀತಿತ್ತು. ನಿವೃತ್ತಿಯ ಸಂಕಟ ಅಂತ ನಾನು ಸಮಾಧಾನ ಹೇಳಿದೆ. ಯಾರೋ ಮನೆ ಪಾಯ ತೋಡುವಾಗ ತಾಮ್ರದ ತಗಡು ಸಿಕ್ಕಿ ಕಚೇರಿಗೆ ಬಂದಿದೆ ಅಂತ ಮಾತ್ರ ಹೇಳಿದ್ದರು. ಒಂದು ಬಳೆಗೆ ಪೋಣಿಸಿದ ಮೂರು ತಗಡು, ಬಳೆಯ ಬೆಸುಗೆಯ ಮೇಲೆ ರಾಜಮುದ್ರೆ. "ಓದಿದ್ರಾ?" ಅಂದೆ. "ಓದಿದೆ" ಅಂದರು. ತಾಮ್ರ ಓದಿ ಯಾರಾದರೂ ಊಟ ಬಿಡ್ತಾರಾ ಅಂತ ನಾನು ಮುಂದೆ ಕೇಳಲಿಲ್ಲ. ಕೇಳಬೇಕಿತ್ತು.

ಸಭೆಯ ದಿನ ಕಚೇರಿಯ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಹೂಗುಚ್ಛ, ಕೀರಲು ಮೈಕು. ಅಣ್ಣ ಬಂದ. ಬಿಳಿ ಅಂಗಿ ಹಾಕಿಕೊಂಡು ಕಷ್ಟಪಟ್ಟು ಮೆಟ್ಟಿಲು ಹತ್ತಿ ಬಂದು ಮೈಕಿನ ಮುಂದೆ ನಿಂತ. ನನ್ನ ಕಡೆ ಒಂದು ಸಲ ನೋಡಿದ. "ನಾನು ಇಷ್ಟು ವರ್ಷ ಹಠ ಹಿಡಿದೆ. ಅಜ್ಜರಾಜನಿಗೂ ಮೊಮ್ಮಗರಾಜನಿಗೂ ನಡುವೆ ಸಮರಭೈರವ ಅನ್ನುವ ಅರಸ ಇದ್ದ. ಭಾವ ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು" ಅಂದ. ಚಪ್ಪಾಳೆಯೋ ಚಪ್ಪಾಳೆ. ನನ್ನ ಕಣ್ಣು ತುಂಬಿ ಬಂತು. ಗೆದ್ದೆ ಅಂದುಕೊಂಡೆ.

ಉತ್ತರ ಹೇಳೋಕೆ ನಮ್ಮವರು ಎದ್ದರು. ಚೀಲದಿಂದ ಒಂದು ಮಸಿಯಚ್ಚು ತೆಗೆದರು. "ಭಾವನವರು ದೊಡ್ಡ ಮನಸ್ಸಿನವರು. ಆದರೆ ಅವರು ಹೇಳಿದ್ದು ತಪ್ಪು. ಅಂಥ ರಾಜ ಇರಲೇ ಇಲ್ಲ. ಹೊಸ ತಗಡಿನಲ್ಲಿ ಸ್ಪಷ್ಟ ಇದೆ, ಮೊಮ್ಮಗರಾಜನ ಹೆಸರು ಹೇಳಿ, 'ಸಮರಭೈರವನೆಂಬ ಇನ್ನೊಂದು ಹೆಸರುಳ್ಳವನು' ಅಂತ. ಒಂದು ಕಾಳಗ ಗೆದ್ದು ಬಿರುದು ತಗೊಂಡ, ಮರುವರ್ಷವೇ ಸೋತು ಬಿಟ್ಟುಬಿಟ್ಟ ಅಂತ ಕಾಣುತ್ತೆ. ಅದಕ್ಕೇ ಬೇರೆಲ್ಲೂ ಇಲ್ಲ. ಭಾವ ಮೊದಲು ಹೇಳಿದ ಹಾಗೆ ಅಜ್ಜರಾಜನದೂ ಅಲ್ಲ, ನಾನು ಹೇಳಿದ ಹಾಗೆ ಮೂರನೆಯವನೂ ಅಲ್ಲ. ನಾನು ಇಷ್ಟು ವರ್ಷ ಒಂದು ಬಿರುದಿಗೆ ಮನೆ ಕಟ್ಟಿಕೊಟ್ಟೆ."

ಕಚೇರಿಯ ನಿರ್ದೇಶಕರು ಕೆಮ್ಮಿದರು. ಯಾರೋ ಅರ್ಧ ಚಪ್ಪಾಳೆ ತಟ್ಟಿ ನಿಲ್ಲಿಸಿದರು.

ಮೆಟ್ಟಿಲ ಕೆಳಗೆ ಅಣ್ಣ ನನ್ನ ಮೇಲೆ ಹರಿಹಾಯ್ದ. "ಹುಟ್ಟಿದಾಗಿನಿಂದ ಪುರಾವೆ ಇಲ್ಲದ ಮಾತು ಆಡದವನು, ನಿನ್ನ ಮಾತು ಕಟ್ಟಿಕೊಂಡು ಮೈಕಿನಲ್ಲಿ ಸುಳ್ಳು ಹೇಳಿದೆ. ನಿನ್ನ ಗಂಡ ಅಲ್ಲೇ, ಎಲ್ಲರೆದುರು ಮಾನ ಕಳೆದ. ನೋಡ್ತಿರು, ಆ ತಗಡು ಖೋಟಾ ಅಂತ ತೋರಿಸ್ತೀನಿ. ಸಮರಭೈರವ ಇದ್ದ! ಇದ್ದೇ ಇದ್ದ!"

ಮಾರನೆಯ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ಅಣ್ಣ, ಕೈಯಲ್ಲಿ ಭೂತಗನ್ನಡಿ. ಹೊಸ್ತಿಲು ದಾಟಿ ಸೀದಾ ಒಳಗೆ ಬಂದ. "ಎಲ್ಲಿ ಆ ಅಚ್ಚು?" ಅಂದ. ನಾನು ಎಷ್ಟು ವರ್ಷ ಕಾದ ಗಳಿಗೆ! ಬಾ, ಕೂತ್ಕೋ ಅನ್ನೋಕೂ ಆಗಲಿಲ್ಲ, ಆಗಲೇ ಒಳಗೆ ಜಗಳ ಶುರುವಾಗಿತ್ತು.

ಅಂದಿನಿಂದ ದಿನಾ ಬಂದ. ಆಟದಲ್ಲಿ ಪಕ್ಷ ಬದಲಾಯಿಸಿದ ಹುಡುಗರ ಹಾಗೆ ಇಬ್ಬರೂ ಅದಲುಬದಲಾಗಿದ್ದರು. ನನ್ನ ಗಂಡ ತನ್ನ ರಾಜನನ್ನ ಕೊಲ್ಲೋಕೆ ನಿಂತರು, ನನ್ನ ಅಣ್ಣ ಕಾಪಾಡೋಕೆ.

"ಮೊಮ್ಮಗರಾಜನ ಅಷ್ಟೊಂದು ಕಲ್ಲಿನಲ್ಲಿ ಎಲ್ಲೂ ಇಲ್ಲದ ಬಿರುದು ಈ ತಗಡಿನಲ್ಲಿ ಮಾತ್ರ ಹೆಂಗೆ ಬಂತು?" ಅಂತ ಅಣ್ಣ. "ಜಮೀನು ಹೊಡೀಬೇಕು ಅಂತ ನೂರು ವರ್ಷ ಆದಮೇಲೆ ಯಾವನೋ ತಗಡು ಕೊರೆಸಿದ್ದಾನೆ. ನಿಮ್ಮ ಸೈಕಲ್ ಶಾಪಿನ ಕಲ್ಲು ಆಗ ಊರಲ್ಲಿ ನಿಂತಿತ್ತಲ್ಲ, ನೋಡಿ ಬಿರುದು ಕದ್ದಿದ್ದಾನೆ. ಅಂಥ ಖೋಟಾ ತಗಡು ನೀವೇ ಎಷ್ಟು ಹಿಡಿದುಕೊಟ್ಟಿಲ್ಲ?"

"ಅಕ್ಷರ ಆ ಕಾಲದ್ದೇ ಭಾವ. ಮುದ್ರೆಯೂ ಸರಿಯಾಗಿದೆ."

"ಹಳೇ ಅಕ್ಷರ ನೋಡಿ ಕೊರೆಯೋಕೆ ಬರದವನು ಖೋಟಾ ಕೆಲಸಕ್ಕೆ ಇಳೀತಾನಾ? ನಿಮ್ಮ ರಾಜನ ಮೇಲೆ ನಿಮಗೇ ಕರುಣೆ ಇಲ್ಲವಲ್ಲ!"

ಹಿತ್ತಲಲ್ಲಿ ನೀರಿನ ತೊಟ್ಟಿ ಕಟ್ಟುತ್ತಿದ್ದ ಮೇಸ್ತ್ರಿ ಒಂದು ದಿನ ಮೆಲ್ಲಗೆ ಕೇಳಿದ. "ಏನಮ್ಮಾ, ಆಸ್ತಿ ಜಗಳವಾ?"

"ಹೂಂ ಕಣಪ್ಪ."

"ಯಾರ ಕಡೆ ಜಾಸ್ತಿ?"

"ಸತ್ತವನ ಕಡೆ" ಅಂದೆ. ಅವನು ತಲೆಯಾಡಿಸಿ ಸಿಮೆಂಟು ಕಲಸಿದ.

ಅಣ್ಣ ನನ್ನ ಮನೆಯಲ್ಲಿ ಉಂಡ, ನಿಜ. ಬಡಿಸಿದ್ದು ಏನು ಅಂತ ಅವನಿಗೂ ಗೊತ್ತಾಗಲಿಲ್ಲ, ಇವರಿಗೂ ಗೊತ್ತಾಗಲಿಲ್ಲ. ತಟ್ಟೆಯ ಪಕ್ಕ ಮಸಿಯಚ್ಚು. ಚಹಾ ಕೊಟ್ಟರೆ ಲೋಟವನ್ನ ಅಚ್ಚಿನ ಮೂಲೆ ಮಡಚದ ಹಾಗೆ ಇಟ್ಟುಕೊಳ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂಗಾಡ್ತಿದ್ದರು, ನನ್ನ ಕಡೆ ತಿರುಗಿ ಒಂದು ಮಾತಿಲ್ಲ. ಈಗ ನಾನು ತಂತಿಯಾಗಿಯೂ ಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ನನಗೆ ತಡೆಯಲಿಲ್ಲ. ಅಣ್ಣನ ಮಾತ್ರೆ ಹಿಡಿದು ನಿಂತಿದ್ದೇನೆ, ನೀರು ಹಿಡಿದು ನಿಂತಿದ್ದೇನೆ, ಇಬ್ಬರೂ 'ಮಹಾರಾಜಾಧಿರಾಜ'ದ ಮೇಲೆ ಬಿದ್ದು ಹೊರಳಾಡ್ತಿದ್ದಾರೆ. ಲೋಟ ಕುಕ್ಕಿದೆ.

"ಸಾಕು ಮಾಡ್ತೀರಾ ಇಬ್ಬರೂ? ಅವನ ಹೆಸರು, ಅವನ ಬಿರುದು, ಅವನ ಇನ್ನೊಂದು ಹೆಸರು! ಆ ತಗಡಿನಲ್ಲಿ ಬೇರೆ ಯಾರೂ ಇಲ್ಲವಾ? ಅಷ್ಟುದ್ದ ಕೊರೆದಿದ್ದಾರಲ್ಲ, ಯಾಕೆ ಕೊರೆದರು? ಜಮೀನು ಕೊಡಿ ಅಂತ ಕೇಳಿದವರು ಯಾರು?"

"ಅದಾ?" ನಮ್ಮವರು ಕನ್ನಡಕ ಸರಿ ಮಾಡಿಕೊಂಡರು. "ಅರಸಿಯ ಬಿನ್ನಹದ ಮೇರೆಗೆ ಅಂತ ಇದೆ. ರಾಣಿ ಕೇಳಿಕೊಂಡಳು, ಇವನು ಕೊಟ್ಟ."

"ರಾಣಿಗೆ ಹೆಸರಿಲ್ಲವಾ?"

"ಇದೆ, ಇದೆ. ಇರು." ಮೂರನೇ ತಗಡಿನ ಅಚ್ಚು ಹುಡುಕಿದರು. ಅದು ನನ್ನ ಸೊಪ್ಪಿನ ತಟ್ಟೆಯ ಕೆಳಗಿತ್ತು. ಟಾರ್ಚು ಓರೆ ಹಿಡಿದರು. "ಮಾಚಿಯಬ್ಬೆ. ಆನೆ ಸಾಹಣಿಯ ತಂಗಿ ಮಾಚಿಯಬ್ಬೆ. ಸಾಹಣಿ ಅಂದ್ರೆ ರಾಜನ ಆನೆಲಾಯ ನೋಡಿಕೊಳ್ಳೋನು. ನಮ್ಮ ಸೈಕಲ್ ಶಾಪಿನ ಕಲ್ಲಿನಲ್ಲೂ ಕೊನೇ ಸಾಲಿನಲ್ಲಿ ಇದ್ದಾಳೆ, ಸಮರಭೈರವನ ಅರಸಿ, ಆನೆ ಸಾಹಣಿಯ ತಂಗಿ ಅಂತ."

"ಅದನ್ನೂ ಕದ್ದಿದ್ದಾನೆ ಖೋಟಾದವನು" ಅಂತ ಅಣ್ಣ ಬಾಯಿ ತೆಗೆದವನು ಅಲ್ಲೇ ನಿಂತ. ಮಾತ್ರೆಗೆ ಚಾಚಿದ ಕೈ ಹಾಗೇ ಇತ್ತು. ಇವನಿಗೆ ಏನೋ ಆಯಿತು ಅಂತ ನಾನು ಅವನ ಭುಜ ಹಿಡಿದೆ.

"ಬಾವಿ" ಅಂದ.

"ಏನಣ್ಣಾ?"

"ನನ್ನ ಬಾವಿ ಕಲ್ಲು. ನಾನು ಮೊದಲನೇ ಸಲ ಓದಿದ ಕಲ್ಲು. ಎರಡು ದಿನದ ದಾರಿ ಆಚೆ. ಮೊಮ್ಮಗರಾಜನ ಅರಸಿ ಬಾವಿ ತೋಡಿಸಿದಳು ಅಂತ. ಆನೆ ಸಾಹಣಿಯ ತಂಗಿ... ಭಾವ, ಶಾಸನಗಳ ಸಂಪುಟ ಇದೆಯಾ?"

ನಮ್ಮವರು ಬೀರುವಿನಿಂದ ಎರಡು ದಪ್ಪ ಸಂಪುಟ ತಂದರು, ಒಂದರಲ್ಲಿ ತಾವು ಓದಿದ ಕಲ್ಲು, ಇನ್ನೊಂದರಲ್ಲಿ ಅಣ್ಣ ಓದಿದ್ದು. ಹಿಂದುಗಡೆ ಹೆಸರುಗಳ ಪಟ್ಟಿ. ರಾಜರು ಅಂತ ಒಂದು ಭಾಗ, ಬಿರುದುಗಳು ಅಂತ ಒಂದು ಭಾಗ. ಮಾಚಿಯಬ್ಬೆ ಎರಡರಲ್ಲೂ ಇರಲಿಲ್ಲ. ಇನ್ನೂ ಹಿಂದೆ, ಸಣ್ಣಕ್ಷರದಲ್ಲಿ, 'ಇತರ ಹೆಸರುಗಳು' ಅನ್ನೋ ಕಡೆ ಒಬ್ಬ ಬಡಗಿಗೂ ಒಬ್ಬ ಲಿಪಿಕಾರನಿಗೂ ನಡುವೆ ಇದ್ದಳು. ಎರಡು ಸಂಪುಟದಲ್ಲೂ ಇದ್ದಳು.

ಒಂದು ಕಲ್ಲು ಅವಳನ್ನ ಸಮರಭೈರವನ ಹೆಂಡತಿ ಅನ್ನುತ್ತೆ. ಇನ್ನೊಂದು ಮೊಮ್ಮಗರಾಜನ ಹೆಂಡತಿ ಅನ್ನುತ್ತೆ. ಅದೇ ಹೆಸರು, ಅದೇ ಸಾಹಣಿ ಅಣ್ಣ. ಅಂದಮೇಲೆ ಗಂಡನೂ ಒಬ್ಬನೇ. ತಗಡು ನಿಜವೋ ಖೋಟಾವೋ, ಅದರ ಹಂಗೇ ಬೇಕಿರಲಿಲ್ಲ. ಇಬ್ಬರೂ ಒಬ್ಬರ ಕಲ್ಲನ್ನು ಒಬ್ಬರು ಬಾಯಿಪಾಠ ಬರುವಷ್ಟು ಸಲ ಓದಿದ್ದರು, ತಪ್ಪು ಹುಡುಕೋಕೆ. ಓದಿದ್ದು ಮಾತ್ರ ರಾಜ ಮುಗಿಯುವ ಸಾಲಿನವರೆಗೆ.

"ಹೋದ, ಭಾವ, ನಿಮ್ಮ ರಾಜ" ಅಂದ ಅಣ್ಣ.

"ನಿಮ್ಮ ಅಜ್ಜನ ಬಿರುದೂ ಹೋಯ್ತಲ್ಲ" ಅಂದರು ಇವರು.

ಆಮೇಲೆ ಇಬ್ಬರೂ ನಗೋಕೆ ಶುರು ಮಾಡಿದರು. ಅಣ್ಣ ಎದೆ ಹಿಡಿದುಕೊಂಡು ನಕ್ಕ. ನಾನು ಅವನ ಬಾಯಿಗೆ ಮಾತ್ರೆ ತುರುಕಿದೆ. ನಗು ನಿಲ್ಲಿಸಿ ಅವನು ನನ್ನ ಕೈ ಹಿಡಿದು, "ನಿನ್ನ ಕೈರುಚಿ ಅಮ್ಮನ ಹಾಗೇ ಇದೆ ಪುಟ್ಟಿ" ಅಂದ. ಇಷ್ಟು ದಿನ ಉಂಡದ್ದು ಆಗ ನೆನಪಾಗಿರಬೇಕು. ನಾನು ಅತ್ತೆ. ಅಳದೆ ಏನು ಮಾಡಲಿ?

ಇಬ್ಬರೂ ಕೂಡಿ ಲೇಖನ ಬರೆದರು. ಯಾರ ಹೆಸರು ಮೊದಲು ಅನ್ನೋದಕ್ಕೆ ಒಂದು ದಿನ ಮಾತು ನಿಂತಿತ್ತು, ಅದು ಬೇರೆ. ಬೆರಳಚ್ಚಾಗಿ ಬಂದ ದಿನ ನಮ್ಮವರು ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟರು. ಅಣ್ಣನೂ ಎದುರಿಗೇ ಕೂತಿದ್ದ. ಲೇಖನದ ತಲೆಬರಹದಲ್ಲೇ ಮಾಚಿಯಬ್ಬೆ. ಒಳಗೆಲ್ಲ ಅವಳದೇ. ಒಂದು ಅರಸಿಯ ಹೆಸರನ್ನು ಇತರ ಹೆಸರುಗಳ ಜೊತೆ ತಳ್ಳಿಹಾಕಿದ್ದು ಹಿಂದಿನ ವಿದ್ವಾಂಸರ ದೊಡ್ಡ ಲೋಪ ಅಂತ ಕಟುವಾಗಿ ಬರೆದಿದ್ದರು. ಹಿಂದಿನ ವಿದ್ವಾಂಸರು ಅಂದರೆ ತಾವೇ. ಇರಲಿ.

"ಕೊನೇ ಪುಟ ನೋಡು" ಅಂದ ಅಣ್ಣ. "ನಿನ್ನನ್ನೂ ಹಾಕಿದ್ದೀವಿ."

ನೋಡಿದೆ. 'ಈ ಸಂಶೋಧನೆಗೆ ಪ್ರೇರಣೆಯಾದ, ಮೊದಲ ಲೇಖಕರ ಪತ್ನಿಯೂ ಎರಡನೆಯ ಲೇಖಕರ ಸಹೋದರಿಯೂ ಆದವರಿಗೆ ಕೃತಜ್ಞತೆಗಳು.'

ಇನ್ನೊಮ್ಮೆ ಓದಿದೆ. ಟಾರ್ಚು ತರಿಸಿ ಓರೆ ಹಿಡಿದೂ ಓದಿದೆ.

"ಯಾಕೆ? ಅಕ್ಷರ ಕಾಣ್ತಿಲ್ಲವಾ?" ಅಂದರು ನಮ್ಮವರು.

"ಚೆನ್ನಾಗಿ ಕಾಣ್ತಿದೆ. ಸಾಹಣಿಯ ತಂಗಿ ಅಂತಲೂ ಇದೆ, ಅರಸನ ಹೆಂಡತಿ ಅಂತಲೂ ಇದೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಏನೋ ಬಿಟ್ಟುಹೋಗಿದೆ ಅಂತ ಗೊತ್ತಾಯಿತು, ಏನು ಅಂತ ಹೊಳೀಲಿಲ್ಲ. ನಾನು ಕಾಗದ ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋದೆ. ಮೇಸ್ತ್ರಿ ಬಾಕಿ ಉಳಿಸಿದ್ದ ತೊಟ್ಟಿಯ ಮುಚ್ಚಳಕ್ಕೆ ಅದೇ ತಾನೇ ಗಾರೆ ಬಳಿದು ಕೈ ತೊಳೀತಿದ್ದ. ಹಸಿಯಾಗಿತ್ತು. ಅವನ ಸಾಮಾನಿನ ಬುಟ್ಟಿಯಿಂದ ಒಂದು ಮೊಳೆ ತಗೊಂಡು, ಮಂಡಿಯೂರಿ ಕೂತು, ನನ್ನ ಹೆಸರು ಬರೆದೆ. ಅಪ್ಪ ಅಮ್ಮ ಇಟ್ಟದ್ದು, ಪೂರ್ತಿ. ಯಾರ ಹೆಂಡತಿ, ಯಾರ ತಂಗಿ ಅಂತ ಬರೆಯೋಕೆ ಜಾಗ ಇತ್ತು. ಬರೆಯಲಿಲ್ಲ.

ಸದ್ದಿಲ್ಲವಲ್ಲ ಅಂತ ಇಬ್ಬರೂ ಹಿಂದೆಯೇ ಬಂದರು. ಮುಚ್ಚಳದ ಆಚೆ ಒಬ್ಬರು, ಈಚೆ ಒಬ್ಬರು ಬಗ್ಗಿ ನಿಂತರು. ಅಭ್ಯಾಸಬಲ, ಅಣ್ಣನ ಕೈ ಜೇಬಿನಲ್ಲಿ ಭೂತಗನ್ನಡಿಗೆ ತಡಕಾಡಿತು, ಆಮೇಲೆ ಸುಮ್ಮನಾಯಿತು.

ನಮ್ಮವರು ಇನ್ನಷ್ಟು ಬಗ್ಗಿದರು. ಮೂರು ಅಕ್ಷರದ ಹೆಸರು ನನ್ನದು. ಸವೆದ ಕಲ್ಲು ಓದುವವರ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ, ಮದುವೆಯಾದ ಮೇಲೆ ಮೊದಲನೇ ಸಲ ಅದನ್ನ ಬಾಯಿಬಿಟ್ಟು ಓದಿದರು.

"ಸರಿಯಾಗಿದೆಯಾ?" ಅಂತ ನನ್ನನ್ನೇ ಕೇಳಿದರು.